ಕಬ್ಬಿಣವೇ ಮುಳುವಾದಾಗ

ಮಲೇರಿಯಾ ಪರೋಪಜೀವಿ ನಮ್ಮ ಕೆಂಪು ರಕ್ತಕಣದೊಳಗೆ ಕೂತು ಹಿಮೋಗ್ಲೋಬಿನ್ ತಿಂದೇ ಬೆಳೆಯುತ್ತದೆ. ಆಗ ಕಬ್ಬಿಣವುಳ್ಳ ಹೀಮ್ ಹೊರಬೀಳುತ್ತದೆ. ಅದು ತನಗೂ ವಿಷವಾದ್ದರಿಂದ ಪರೋಪಜೀವಿ ಅದನ್ನು ಹರಳುಗಟ್ಟಿಸಿ ಪಕ್ಕಕ್ಕಿಡುತ್ತದೆ. ಸೂಕ್ಷ್ಮದರ್ಶಕದಲ್ಲಿ ಕಾಣುವ ಕಂದು ಚುಕ್ಕೆ ಅದೇ.

1971ರಲ್ಲಿ ಚೀನಾದ ತು ಯುಯು ಚಿಂಗ್‌ಹಾವ್ ಗಿಡವನ್ನು ಕುದಿಸದೆ, ಕಡಿಮೆ ಶಾಖದಲ್ಲಿ ಈಥರ್‌ನಿಂದ ಸಾರ ತೆಗೆದರು. ಅದರಲ್ಲಿದ್ದ ಆರ್ಟೆಮಿಸಿನಿನ್ ಅಣುವಿನಲ್ಲಿ ಎರಡು ಆಮ್ಲಜನಕಗಳ ದುರ್ಬಲ ಕೊಂಡಿಯೊಂದಿದೆ. ಹೀಮ್‌ನ ಕಬ್ಬಿಣ ತಗುಲಿದರೆ ಅದು ಮುರಿದು ಫ್ರೀ ರ‍್ಯಾಡಿಕಲ್‌ಗಳು ಹುಟ್ಟುತ್ತವೆ. ಇವು ಪರೋಪಜೀವಿಯ ಪ್ರೋಟೀನುಗಳಿಗೆ ಅಂಟಿಕೊಂಡು ಅವನ್ನು ಕೆಡಿಸುತ್ತವೆ. ಸೋಂಕಿಲ್ಲದ ಕಣದಲ್ಲಿ ಹೀಮ್ ಹಿಮೋಗ್ಲೋಬಿನ್‌ನೊಳಗೇ ಭದ್ರವಾಗಿರುವುದರಿಂದ ಅಲ್ಲಿ ಈ ಅನಾಹುತವಿಲ್ಲ.

ಆದರೆ ಈ ಔಷಧ ಕೆಲವೇ ಗಂಟೆಗಳಲ್ಲಿ ರಕ್ತದಿಂದ ಮಾಯವಾಗುತ್ತದೆ. ಹಾಗಾಗಿಯೇ ನಿಧಾನವಾಗಿ ಕರಗುವ ಇನ್ನೊಂದು ಮದ್ದನ್ನು ಜೊತೆಗೆ ಕೊಡುತ್ತಾರೆ. ಜ್ವರ ಇಳಿಯಿತೆಂದು ಮೂರು ದಿನದ ಮಾತ್ರೆಗಳನ್ನು ದಯವಿಟ್ಟು ಅರ್ಧಕ್ಕೇ ಬಿಡಬೇಡಿ.