ಏಳು ವರ್ಷದ ಮಾತಿಗೆ ಒಂಬತ್ತು ವರ್ಷದ ಬಾಂಡ್

ಒಂದು ವಿಮಾ ಕಂಪನಿ ಗ್ರಾಹಕರೊಬ್ಬರಿಂದ ಇವತ್ತು 10 ಲಕ್ಷ ರೂಪಾಯಿಯನ್ನು ಒಂದೇ ಕಂತಿನಲ್ಲಿ ಪಡೆದು, ಸರಿಯಾಗಿ 7 ವರ್ಷಕ್ಕೆ 16,05,781 ರೂಪಾಯಿ ಕೊಡುವುದಾಗಿ ಪಾಲಿಸಿ ಬರೆದುಕೊಟ್ಟಿದೆ ಎಂದಿಟ್ಟುಕೊಳ್ಳಿ. 10 ಲಕ್ಷಕ್ಕೆ ಶೇ 7ರ ಚಕ್ರಬಡ್ಡಿ ಹಾಕಿದರೆ ಬರುವ ಮೊತ್ತವೇ ಅದು. ಸರ್ಕಾರಿ ಬಾಂಡ್‌ಗಳ ಮೇಲೂ ಶೇ 7 ಬಡ್ಡಿ ಸಿಗುತ್ತಿದೆ ಎನ್ನಿ. ಹಾಗಿದ್ದರೆ 7 ವರ್ಷದ ಬಾಂಡ್ ಕೊಂಡು ನಿಶ್ಚಿಂತೆಯಿಂದ ಇರಬಹುದಲ್ಲ ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಹಾಗೆ ಮಾಡಿದರೆ ಕಂಪನಿ ಮಾತು ತಪ್ಪುವ ಸಾಧ್ಯತೆ ಇದೆ.

ಆ ಬಾಂಡ್ ವರ್ಷಕ್ಕೆ 70,000 ರೂಪಾಯಿ ಬಡ್ಡಿ ಕೊಡುತ್ತದೆ, ಕೊನೆಗೆ ಅಸಲು ಹಿಂದಿರುಗಿಸುತ್ತದೆ. (ನಮ್ಮ ಸರ್ಕಾರಿ ಬಾಂಡ್‌ಗಳು ಆರು ತಿಂಗಳಿಗೊಮ್ಮೆ ಬಡ್ಡಿ ಕೊಡುತ್ತವೆ, ಲೆಕ್ಕ ಸುಲಭವಾಗಲೆಂದು ವರ್ಷಕ್ಕೊಮ್ಮೆ ಎಂದುಕೊಳ್ಳೋಣ.) ಗ್ರಾಹಕರಿಗೆ ಕೊಟ್ಟ ಮಾತಿನಲ್ಲಿ ಬಡ್ಡಿಯ ಮೇಲಿನ ಬಡ್ಡಿಯೂ ಸೇರಿದೆ. ಅದನ್ನು ಬಾಂಡ್ ಕೊಡುವುದಿಲ್ಲ. ಪ್ರತಿ ವರ್ಷ ಕೈಸೇರಿದ 70,000ವನ್ನು ಆಗಿನ ದರಕ್ಕೆ ಮತ್ತೆ ಹೂಡಿ ಕಂಪನಿಯೇ ದುಡಿದುಕೊಳ್ಳಬೇಕು. ಬಾಂಡ್ ಕೊಂಡ ಮರುದಿನವೇ ಬಡ್ಡಿದರ ಶೇ 5ಕ್ಕೆ ಇಳಿದು ಅಲ್ಲೇ ನಿಂತಿತೆನ್ನಿ. ಏಳು ಕಂತಿನ ಬಡ್ಡಿ ಬೆಳೆದು 5,69,941 ಆಗುತ್ತದೆ, ಅಸಲು ಸೇರಿ 15,69,941. ಬಾಂಡ್ ಒಂದು ದಿನವೂ ತಡ ಮಾಡದೆ ಪೈಸೆ ಪೈಸೆ ಕೊಟ್ಟಿದೆ, ಆದರೂ 35,840 ರೂಪಾಯಿ ಕಡಿಮೆ ಬಿತ್ತು.

ಹಾಗಾದರೆ ದೀರ್ಘಾವಧಿಯ ಬಾಂಡ್ ಕೊಳ್ಳೋಣವೇ? 20 ವರ್ಷದ್ದನ್ನು ಕೊಂಡೆವು, ಈ ಸಲ ದರ ಶೇ 9ಕ್ಕೆ ಏರಿತು. ಮರುಹೂಡಿಕೆ ಚೆನ್ನಾಗಿ ಫಲಿಸಿ ಬಡ್ಡಿಯ ಹಣ 6,44,030 ಆಯಿತು. ಆದರೆ ಹಣ ಕೊಡಬೇಕಾದ ದಿನ ಬಾಂಡ್‌ಗೆ ಇನ್ನೂ 13 ವರ್ಷ ಬಾಕಿ ಇರುತ್ತದೆ, ಮಾರುಕಟ್ಟೆಯಲ್ಲೇ ಮಾರಬೇಕು. ಎಲ್ಲೆಡೆ ಶೇ 9 ಸಿಗುತ್ತಿರುವಾಗ ಶೇ 7ರ ಬಾಂಡನ್ನು ಯಾರೂ ಮುಖಬೆಲೆಗೆ ಕೊಳ್ಳುವುದಿಲ್ಲ. ಸಿಗುವುದು 8,50,262 ರೂಪಾಯಿ. ಒಟ್ಟು 14,94,292. ಒಂದು ಲಕ್ಷಕ್ಕೂ ಮೀರಿದ ಕೊರತೆ.

ಬಡ್ಡಿದರ ಇಳಿದರೆ ಮರುಹೂಡಿಕೆಯಲ್ಲಿ ನಷ್ಟ, ಬಾಂಡಿನ ಬೆಲೆಯಲ್ಲಿ ಲಾಭ. ಏರಿದರೆ ಇದರ ತಿರುಗುಮುರುಗು. ಎರಡೂ ಒಂದಕ್ಕೊಂದು ಎದುರಾಗಿ ಎಳೆಯುತ್ತವೆ. ಹಾಗಿರುವಾಗ ನಮಗೆ ಹಣ ಬೇಕಾದ ದಿನವೇ ಇವೆರಡೂ ವಜಾ ಆಗುವಂಥ ಬಾಂಡ್ ಎಲ್ಲೋ ನಡುವೆ ಇರಲೇಬೇಕು. ಅದನ್ನು ಹುಡುಕಿಕೊಡುವ ಅಳತೆಯೇ ಡ್ಯುರೇಷನ್. ಕೆನಡಾ ಮೂಲದ ಅರ್ಥಶಾಸ್ತ್ರಜ್ಞ ಫ್ರೆಡರಿಕ್ ಮೆಕಾಲೆ 1938ರಲ್ಲಿ ಇದನ್ನು ರೂಪಿಸಿದರು. ಲಂಡನ್ನಿನ ಪ್ರುಡೆನ್ಷಿಯಲ್ ವಿಮಾ ಕಂಪನಿಯ ಆಕ್ಚುಯರಿ ಫ್ರ್ಯಾಂಕ್ ರೆಡಿಂಗ್ಟನ್ 1952ರಲ್ಲಿ ಇದೇ ವಿಚಾರವನ್ನು ವಿಮಾ ಕಂಪನಿಗಳ ಹೊಣೆಗಾರಿಕೆಗೆ ಜೋಡಿಸಿ ಇಮ್ಯುನೈಸೇಷನ್ ಎಂದು ಕರೆದರು.

ಒಂಬತ್ತು ವರ್ಷದ ಶೇ 7ರ ಬಾಂಡನ್ನು ತೆಗೆದುಕೊಳ್ಳಿ. ಅದು ಮುಂದೆ ಕೊಡುವ ಒಂದೊಂದು ಕಂತಿಗೂ ಇವತ್ತು ಎಷ್ಟು ಬೆಲೆ ಎಂದು ಲೆಕ್ಕ ಹಾಕಬೇಕು. ಮೊದಲ ವರ್ಷದ 70,000ಕ್ಕೆ ಇವತ್ತಿನ ಬೆಲೆ 65,421 ರೂಪಾಯಿ. ಒಂಬತ್ತನೇ ವರ್ಷ ಅಸಲಿನೊಂದಿಗೆ ಬರುವ 10,70,000ಕ್ಕೆ ಇವತ್ತಿನ ಬೆಲೆ ಸುಮಾರು 5,82,000. ಒಂದು ಕೋಲಿನ ಮೇಲೆ ವರ್ಷಗಳ ಗುರುತು ಹಾಕಿ, ಆಯಾ ಗುರುತಿನಲ್ಲಿ ಈ ಬೆಲೆಗಳನ್ನು ತೂಕದಂತೆ ನೇತುಹಾಕಿದರೆ ಕೋಲು ಯಾವ ಗುರುತಿನಲ್ಲಿ ಸಮತೂಕಕ್ಕೆ ನಿಲ್ಲುತ್ತದೋ ಅದೇ ಡ್ಯುರೇಷನ್. ಈ ಬಾಂಡಿಗೆ ಅದು 6.97 ವರ್ಷ, ನಮ್ಮ ಏಳಕ್ಕೆ ಹತ್ತಿರ ಹತ್ತಿರ ಸಮ.

ಈಗ ಪರೀಕ್ಷಿಸೋಣ. ದರ ಶೇ 5ಕ್ಕೆ ಇಳಿದರೆ ಏಳನೇ ವರ್ಷದ ಕೊನೆಗೆ ಬಡ್ಡಿಯ ಹಣ 5,69,941. ಇನ್ನೆರಡು ವರ್ಷ ಬಾಕಿ ಇರುವ ಬಾಂಡನ್ನು ಮಾರಿದರೆ 10,37,188. ಒಟ್ಟು 16,07,129. ದರ ಶೇ 9ಕ್ಕೆ ಏರಿದರೆ ಬಡ್ಡಿಯ ಹಣ 6,44,030, ಬಾಂಡಿಗೆ 9,64,818, ಒಟ್ಟು 16,08,848. ದರ ಯಾವ ಕಡೆ ವಾಲಿದರೂ ಕೊಡಬೇಕಾದ 16,05,781 ಕೈಯಲ್ಲಿದೆ, ಸ್ವಲ್ಪ ಹೆಚ್ಚೇ ಇದೆ. ಆ ಹೆಚ್ಚುವರಿಗೆ ಕಾರಣವಿದೆ. ನಮ್ಮ ಹೊಣೆ ಒಂದೇ ದಿನದ್ದು, ಬಾಂಡಿನ ಕಂತುಗಳು ಆ ದಿನದ ಹಿಂದೆಯೂ ಮುಂದೆಯೂ ಹರಡಿವೆ. ಹೀಗೆ ಹರಡಿದ ಹಣದ ಬೆಲೆ ದರ ಇಳಿದಾಗ ಹೊಣೆಯ ಬೆಲೆಗಿಂತ ತುಸು ಹೆಚ್ಚು ಏರುತ್ತದೆ, ದರ ಏರಿದಾಗ ತುಸು ಕಡಿಮೆ ಕುಸಿಯುತ್ತದೆ.

ಇಷ್ಟಕ್ಕೇ ಕೆಲಸ ಮುಗಿಯಿತೆಂದು ಕಡತ ಮುಚ್ಚಿಡುವಂತಿಲ್ಲ. ದರ ಶೇ 7ರಲ್ಲೇ ಇದ್ದು ಒಂದು ವರ್ಷ ಕಳೆಯಿತೆನ್ನಿ. ಹೊಣೆಗೆ ಉಳಿದದ್ದು 6 ವರ್ಷ. ಬಾಂಡಿನ ಡ್ಯುರೇಷನ್ ಮಾತ್ರ ಒಂದು ವರ್ಷದಷ್ಟು ಇಳಿದಿಲ್ಲ, 6.39ರಲ್ಲಿದೆ. ಕೈಗೆ ಬಂದ 70,000ವನ್ನು ಅದೇ ಬಾಂಡಿಗೆ ಹಾಕಿದರೆ ಇಡೀ ಹೂಡಿಕೆ 6.39ರಲ್ಲೇ ನಿಲ್ಲುತ್ತದೆ. 364 ದಿನದ ಟ್ರೆಷರಿ ಬಿಲ್‌ಗೆ ಹಾಕಿದರೆ ಒಟ್ಟು ಸರಾಸರಿ 6.04ಕ್ಕೆ ಬರುತ್ತದೆ. ಬಡ್ಡಿಯ ಹಣವನ್ನು ಎಲ್ಲಿ ಇಡುತ್ತೇವೆ ಎಂಬ ಸಣ್ಣ ನಿರ್ಧಾರದ ಮೇಲೆ ಇಡೀ ಏರ್ಪಾಡು ನಿಂತಿದೆ ಎಂಬುದು ಇಲ್ಲಿ ನನಗೆ ಬಹಳ ಮುಖ್ಯವೆನಿಸುವ ಸಂಗತಿ. 0.39 ವರ್ಷದ ಅಂತರವನ್ನು ಹಾಗೇ ಬಿಟ್ಟರೆ, ದರ ಶೇಕಡಾ ಒಂದು ಅಂಶ ಏರಿದಾಗ ಹೊಣೆಗೆ ಹೋಲಿಸಿ ಸುಮಾರು 3,900 ರೂಪಾಯಿ ಹಿಂದೆ ಬೀಳುತ್ತೇವೆ. ದರ ಬದಲಾದಾಗಲೂ ಡ್ಯುರೇಷನ್ ಬದಲಾಗುತ್ತದೆ. ಹಾಗಾಗಿ ಎರಡೂ ಕಡೆಯ ಡ್ಯುರೇಷನ್ನನ್ನು ಆಗಾಗ ಅಳೆದು, ಅಂತರದಿಂದಾಗುವ ನಷ್ಟ ಕೊಂಡು ಮಾರುವ ಖರ್ಚಿಗಿಂತ ದೊಡ್ಡದಾದಾಗ ಸರಿಪಡಿಸಬೇಕು.

ಈ ಲೆಕ್ಕದ ಬುಡದಲ್ಲಿ ಒಂದು ಊಹೆ ಇದೆ: ಅಲ್ಪಾವಧಿ, ದೀರ್ಘಾವಧಿ ದರಗಳೆಲ್ಲ ಒಟ್ಟಿಗೆ, ಒಂದೇ ಪ್ರಮಾಣದಲ್ಲಿ ಸರಿಯುತ್ತವೆ ಎಂಬುದು. ವಾಸ್ತವದಲ್ಲಿ ಹಾಗೆ ಆಗಲೇಬೇಕೆಂದಿಲ್ಲ. ಏಳು ವರ್ಷವೂ ನಾವು ಮರುಹೂಡಿಕೆ ಮಾಡುವ ದರ ಶೇ 5ರಲ್ಲೇ ಇದ್ದು, ಬಾಂಡ್ ಮಾರುವ ದಿನ ಎರಡು ವರ್ಷದ ದರ ಶೇ 9ಕ್ಕೆ ಏರಿದರೆ ಎರಡೂ ಕಡೆ ಪೆಟ್ಟು. ಆಗ ಕೈಯಲ್ಲಿರುವುದು 15,34,759, ಕೊರತೆ 71,022. ಕಂತುಗಳು ಹೊಣೆಯ ದಿನದಿಂದ ದೂರ ಚೆದುರಿದಷ್ಟೂ ಈ ಅಪಾಯ ಹೆಚ್ಚು. ಎರಡು ವರ್ಷದ ಮತ್ತು ಮೂವತ್ತು ವರ್ಷದ ಬಾಂಡ್‌ಗಳನ್ನು ಬೆರೆಸಿಯೂ ಸರಾಸರಿ ಏಳನ್ನು ತರಬಹುದು. ಹೆಚ್ಚುವರಿ ಲಾಭದ ಆಸೆಗೆ ಹಾಗೆ ಮಾಡುವುದಕ್ಕಿಂತ ಹೊಣೆಯ ದಿನದ ಆಸುಪಾಸಿನಲ್ಲೇ ಕಂತುಗಳನ್ನು ಒತ್ತಾಗಿ ಇಟ್ಟುಕೊಳ್ಳುವುದು ಕ್ಷೇಮ. ನಡುವೆ ಬಡ್ಡಿಯನ್ನೇ ಕೊಡದೆ ಅದೇ ದಿನಕ್ಕೆ ತೀರುವ ಬಾಂಡ್ ಸಿಕ್ಕರೆ ಈ ಪಾಡೇ ಇಲ್ಲ. ಸರ್ಕಾರಿ ಬಾಂಡಿನ ಕಂತುಗಳನ್ನು ಬಿಡಿಸಿ ಬೇರೆ ಬೇರೆಯಾಗಿ ಮಾರುವ ಸ್ಟ್ರಿಪ್ಸ್ ಭಾರತದಲ್ಲಿ 2010ರಲ್ಲೇ ಬಂತು. ಆದರೆ ಬೇಕಾದ ದಿನಾಂಕದ್ದು ಬೇಕಾದಷ್ಟು ಸಿಗುವುದೇ ಕಷ್ಟ.

ಸಾಲ ಮಾಡಿ ಡ್ಯುರೇಷನ್ ಹೊಂದಿಸಿದರೆ ಬರುವ ಅಪಾಯ ಬೇರೆಯದೇ. ಬ್ರಿಟನ್ನಿನ ಹಲವು ಪಿಂಚಣಿ ನಿಧಿಗಳು ಹಾಗೆ ಮಾಡಿದ್ದವು. ಹೊಣೆಗೆ ಸಾಕಾಗುವಷ್ಟು ಬಾಂಡ್ ಕೊಳ್ಳಲು ಹಣ ಸಾಲದೆ, ಇರುವ ಸರ್ಕಾರಿ ಬಾಂಡ್‌ಗಳನ್ನೇ ಅಡವಿಟ್ಟು ಮತ್ತಷ್ಟು ಕೊಂಡಿದ್ದವು. 2022ರ ಸೆಪ್ಟೆಂಬರ್ 23ರ ಮಿನಿ ಬಜೆಟ್ ನಂತರ ಬಡ್ಡಿದರ ದಿಢೀರನೆ ಏರಿತು. ಬಾಂಡಿನ ಬೆಲೆ ಬಿದ್ದಂತೆ ಪಿಂಚಣಿ ಹೊಣೆಯ ಇವತ್ತಿನ ಬೆಲೆಯೂ ಇಳಿದದ್ದರಿಂದ ಕಾಗದದ ಮೇಲೆ ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಸಾಲ ಕೊಟ್ಟವರು ಹೆಚ್ಚುವರಿ ಅಡಮಾನವನ್ನು ತಕ್ಷಣ ಕೇಳಿದರು. ನಗದಿಗಾಗಿ ನಿಧಿಗಳು ಬಾಂಡ್ ಮಾರಿದವು, ಎಲ್ಲರೂ ಮಾರಿದ್ದರಿಂದ ಬೆಲೆ ಇನ್ನಷ್ಟು ಬಿತ್ತು. ಸೆಪ್ಟೆಂಬರ್ 28ರಂದು ಬ್ಯಾಂಕ್ ಆಫ್ ಇಂಗ್ಲೆಂಡ್ ತಾನೇ ಮುಂದೆ ಬಂದು ಬಾಂಡ್ ಕೊಳ್ಳಲು ಶುರುಮಾಡಿತು. ಒಟ್ಟು 1,930 ಕೋಟಿ ಪೌಂಡ್ ಮೌಲ್ಯದ ಬಾಂಡ್ ಕೊಂಡಿತು. ಬಡ್ಡಿದರ ಸುಮಾರು ಶೇ 2.5 ಅಂಶದಷ್ಟು ಏರಿದರೂ ತಡೆದುಕೊಳ್ಳುವಷ್ಟು ಮೀಸಲನ್ನು ಇಂಥ ನಿಧಿಗಳು ಇಟ್ಟುಕೊಂಡಿರಬೇಕೆಂದು ಬ್ಯಾಂಕಿನ ಹಣಕಾಸು ನೀತಿ ಸಮಿತಿ 2023ರ ಮಾರ್ಚ್‌ನಲ್ಲಿ ಶಿಫಾರಸು ಮಾಡಿತು.