ಜ್ಞಾನಸ್ನಾನದ ದಿನ ಮಾತು ಕೊಡುವವರು ಯಾರು?

ಕೂಸಿಗೆ ಜ್ಞಾನಸ್ನಾನ ಮಾಡಿಸಲು ಬಂದವರನ್ನು ಕಥೋಲಿಕ ಚರ್ಚಿನಲ್ಲಿ ಬಾಗಿಲ ಬಳಿಯೇ ನಿಲ್ಲಿಸಿ ಬರಮಾಡಿಕೊಳ್ಳುವುದು ಕ್ರಮ. ಗುರುಗಳು ಅಲ್ಲಿಗೇ ಬಂದು, ಮಗುವಿಗೆ ಏನು ಹೆಸರಿಟ್ಟಿದ್ದೀರಿ ಎಂದು ಕೇಳುತ್ತಾರೆ. ಆಮೇಲೆ, ದೇವರ ಸಭೆಯಿಂದ ಈ ಮಗುವಿಗೆ ಏನನ್ನು ಬೇಡುತ್ತೀರಿ ಎಂದು ಕೇಳುತ್ತಾರೆ. ಹೆತ್ತವರು ಹೆಸರು ಹೇಳಿ, ಜ್ಞಾನಸ್ನಾನ ಬೇಕು ಎನ್ನುತ್ತಾರೆ. ಇಷ್ಟರವರೆಗೆ ಎಲ್ಲ ಸಲೀಸು. ಮುಂದಿನ ಪ್ರಶ್ನೆಯಲ್ಲಿ ತೂಕವಿದೆ. ಜ್ಞಾನಸ್ನಾನ ಬೇಡಿದ್ದೀರಿ, ಅಂದರೆ ಈ ಮಗುವನ್ನು ವಿಶ್ವಾಸದಲ್ಲಿ ಬೆಳೆಸುವ, ದೇವರನ್ನೂ ನೆರೆಯವರನ್ನೂ ಪ್ರೀತಿಸಲು ಕಲಿಸುವ ಹೊಣೆಯನ್ನು ಹೊರುತ್ತಿದ್ದೀರಿ. ಏನನ್ನು ಹೊರುತ್ತಿದ್ದೀರಿ ಎಂಬುದು ನಿಮಗೆ ಸರಿಯಾಗಿ ಗೊತ್ತಿದೆಯೇ?

ಗಮನಿಸಿ, ಇಲ್ಲಿ ಕೇಳುತ್ತಿರುವುದು ಭಕ್ತಿ ಎಷ್ಟಿದೆ ಎಂದಲ್ಲ, ತಿಳಿವಳಿಕೆ ಇದೆಯೇ ಎಂದು. ಗೊತ್ತಿದೆ ಎಂದು ತಂದೆತಾಯಿ ಒಪ್ಪಿದ ಮೇಲೆ ಗುರುಗಳು ಜ್ಞಾನ ತಂದೆ, ಜ್ಞಾನ ತಾಯಿಯ ಕಡೆ ತಿರುಗುತ್ತಾರೆ. ಅವರಿಗಿರುವ ಪ್ರಶ್ನೆ ಚಿಕ್ಕದು: ಈ ಹೆತ್ತವರಿಗೆ ಅವರ ಕೆಲಸದಲ್ಲಿ ನೆರವಾಗಲು ಸಿದ್ಧರಿದ್ದೀರಾ? ಮಗುವನ್ನು ಬೆಳೆಸುತ್ತೀರಾ ಎಂದು ಅವರನ್ನು ಯಾರೂ ಕೇಳುವುದಿಲ್ಲ. ಅಪ್ಪ ಅಮ್ಮನಿಗೆ ಏನಾದರೂ ಆದರೆ ಮಗು ಜ್ಞಾನ ತಂದೆಯ ಪಾಲಿಗೆ ಬರುತ್ತದೆ ಎಂಬ ನಂಬಿಕೆ ಎಷ್ಟೋ ಮನೆಗಳಲ್ಲಿದೆ. ವಿಧಿಯಲ್ಲಿ ಅಂಥ ಮಾತೇ ಇಲ್ಲ. ಕಾನೂನಿನ ಪ್ರಕಾರವೂ ಜ್ಞಾನಸ್ನಾನದಿಂದ ಯಾರೂ ಮಗುವಿನ ಪೋಷಕರಾಗುವುದಿಲ್ಲ. ಆಮೇಲೆ ಗುರುಗಳು ಮಗುವಿನ ಹಣೆಯ ಮೇಲೆ ಶಿಲುಬೆಯ ಗುರುತು ಹಾಕುತ್ತಾರೆ. ಅವರ ಹಿಂದೆಯೇ ಅಪ್ಪ, ಅಮ್ಮ, ಜ್ಞಾನ ತಂದೆತಾಯಿ ಒಬ್ಬೊಬ್ಬರಾಗಿ ಮಾತಿಲ್ಲದೆ ಅದನ್ನೇ ಮಾಡುತ್ತಾರೆ.

ಹೆತ್ತವರಿಗೆ ಇಷ್ಟು ಮುಖ್ಯವಾದ ಜಾಗ ಸಿಕ್ಕಿದ್ದು ಈಚೆಗೆ. 1969ರವರೆಗೆ ನಡೆಯುತ್ತಿದ್ದ ಹಳೆಯ ವಿಧಿಯಲ್ಲಿ ಗುರುಗಳು ಪ್ರಶ್ನೆಯನ್ನು ಮಗುವಿಗೇ ಹಾಕುತ್ತಿದ್ದರು. ಹೆಸರು ಹಿಡಿದು ಕರೆದು, ನೀನು ಸೈತಾನನನ್ನು ತೊರೆಯುತ್ತೀಯಾ ಎಂದರೆ, ಎತ್ತಿಕೊಂಡವರು ಮಗುವಿನ ಪರವಾಗಿ ತೊರೆಯುತ್ತೇನೆ ಎನ್ನುತ್ತಿದ್ದರು. ಎತ್ತಿಕೊಂಡವರೆಂದರೆ ಜ್ಞಾನ ತಂದೆತಾಯಿ. ಹುಟ್ಟಿದ ಕೆಲವೇ ದಿನಗಳಲ್ಲಿ ಜ್ಞಾನಸ್ನಾನ ಆಗಿಬಿಡುತ್ತಿದ್ದುದರಿಂದ ಎಷ್ಟೋ ಸಲ ಬಾಣಂತಿ ಚರ್ಚಿಗೇ ಬರುತ್ತಿರಲಿಲ್ಲ. ಮಾತನಾಡಲು ಬಾರದ ಕೂಸಿನೊಡನೆ ಪ್ರಶ್ನೋತ್ತರ ನಡೆಸುವುದನ್ನು ಬಿಟ್ಟು, ವಿಧಿಯನ್ನು ಶಿಶುಗಳ ನಿಜಸ್ಥಿತಿಗೆ ಹೊಂದಿಸಬೇಕು, ಹೆತ್ತವರ ಹೊಣೆ ಎದ್ದು ಕಾಣಬೇಕು ಎಂದು ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ಹೇಳಿತು. ಅದರಂತೆ 1969ರಲ್ಲಿ ಹೊಸ ವಿಧಿ ಬಂತು.

ಮಗುವಿನ ಪರವಾಗಿ ನಂಬುತ್ತೇನೆ ಎನ್ನುವುದು ಹೇಗೆ ಸರಿ ಎಂಬ ತಕರಾರು ಮಾತ್ರ ಬಹಳ ಹಳೆಯದು. ಐದನೆಯ ಶತಮಾನದ ಆರಂಭದಲ್ಲಿ ಉತ್ತರ ಆಫ್ರಿಕಾದ ಬೋನಿಫಾಸ್ ಎಂಬ ಬಿಷಪ್ ಇದನ್ನೇ ಸಂತ ಅಗಸ್ಟೀನರಿಗೆ ಬರೆದು ಕೇಳಿದ್ದರು. ಈ ಮಗು ದೊಡ್ಡದಾದ ಮೇಲೆ ಕಳ್ಳನಾಗುತ್ತದೆಯೋ ಸಭ್ಯನಾಗುತ್ತದೆಯೋ ಎಂದರೆ ಹೆತ್ತವರು ಗೊತ್ತಿಲ್ಲ ಎನ್ನುತ್ತಾರೆ; ಅದೇ ಮಗು ದೇವರನ್ನು ನಂಬುತ್ತದೆಯೇ ಎಂದರೆ ಹೌದು ಎನ್ನುತ್ತಾರೆ, ಇದು ಹೇಗೆ? ಮಗುವಿಗೆ ಇನ್ನೂ ಸ್ವಂತ ನಂಬಿಕೆಯ ಮನಸ್ಸು ಬಂದಿಲ್ಲದಿದ್ದರೂ ವಿಶ್ವಾಸದ ಸಂಸ್ಕಾರವೇ ಅದನ್ನು ವಿಶ್ವಾಸಿಯೆಂದು ಕರೆಸುತ್ತದೆ ಎಂಬುದು ಅಗಸ್ಟೀನರ ಉತ್ತರ. ಬೋನಿಫಾಸರಿಗೆ ಸಮಾಧಾನವಾಯಿತೋ ಇಲ್ಲವೋ, ನನಗಂತೂ ಅವರ ಪ್ರಶ್ನೆಯೇ ಹೆಚ್ಚು ಚುರುಕಾಗಿ ಕಾಣುತ್ತದೆ. ಅವರ ಕಾಲದಲ್ಲಿ ಮಗುವನ್ನು ಎತ್ತಿ ಹಿಡಿದು ಉತ್ತರ ಹೇಳುತ್ತಿದ್ದವರು ಸಾಮಾನ್ಯವಾಗಿ ಹೆತ್ತವರೇ. ಆಮೇಲೆ ಆ ಕೆಲಸ ಬೇರೆಯವರಿಗೆ ಹೋಯಿತು. 813ರಲ್ಲಿ ಜರ್ಮನಿಯ ಮೈಂಜ್ ನಗರದಲ್ಲಿ ಸೇರಿದ ಧರ್ಮಸಭೆ, ಸ್ವಂತ ಮಗುವಿಗೆ ಹೆತ್ತವರು ಹಾಗೆ ನಿಲ್ಲಲೇಬಾರದು ಎಂದು ನಿಷೇಧಿಸಿತು.

ಈಗಿನ ವಿಧಿ ಬೋನಿಫಾಸರ ಪ್ರಶ್ನೆಯನ್ನು ಬೇರೆ ದಾರಿಯಿಂದ ದಾಟುತ್ತದೆ. ನೀರು ಹರಸಿದ ಮೇಲೆ ಗುರುಗಳು ಸೈತಾನನನ್ನೂ ಅವನ ಕೆಲಸಗಳನ್ನೂ ಪೊಳ್ಳು ಆಮಿಷಗಳನ್ನೂ ತೊರೆಯುತ್ತೀರಾ ಎಂದು ಮೂರು ಸಲ, ತಂದೆಯಾದ ದೇವರನ್ನು, ಕ್ರಿಸ್ತನನ್ನು, ಪವಿತ್ರಾತ್ಮರನ್ನು ವಿಶ್ವಾಸಿಸುತ್ತೀರಾ ಎಂದು ಮೂರು ಸಲ ಕೇಳುತ್ತಾರೆ. ಆರೂ ಪ್ರಶ್ನೆಗಳು ದೊಡ್ಡವರಿಗೆ. ಅವರು ಹೇಳುವುದು ತಮ್ಮದೇ ವಿಶ್ವಾಸವನ್ನು. ತಮ್ಮ ಜ್ಞಾನಸ್ನಾನದ ಮಾತನ್ನು ಅಲ್ಲಿ ಹೊಸದಾಗಿ ಕೊಡುತ್ತಾರೆ. ಮಗು ಮುಂದೆ ಏನನ್ನು ನಂಬೀತು ಎಂಬ ಭರವಸೆಯನ್ನು ಯಾರೂ ಕೊಡುವುದಿಲ್ಲ. ಸ್ನಾನತೊಟ್ಟಿಯ ಬಳಿ ಕೊನೆಯ ಪ್ರಶ್ನೆ: ನಾವೆಲ್ಲ ಈಗ ಹೇಳಿದ ಈ ವಿಶ್ವಾಸದಲ್ಲಿ ಮಗುವಿಗೆ ಜ್ಞಾನಸ್ನಾನ ಆಗಬೇಕೆಂಬುದು ನಿಮ್ಮ ಇಚ್ಛೆಯೇ? ಹೌದು ಎಂದ ಮೇಲೆಯೇ ಮೂರು ಸಲ ನೀರು ಬೀಳುವುದು.

ಒಂದು ಮನೆಯನ್ನು ಊಹಿಸಿಕೊಳ್ಳಿ. ತಾಯಿ ಕಥೋಲಿಕಳು, ತಂದೆ ಹಿಂದೂ. ಇಬ್ಬರೂ ಒಪ್ಪಿ ಮಗುವನ್ನು ತಂದಿದ್ದಾರೆ. ತಂದೆ ನಂಬದ ಮಾತನ್ನು ನಂಬುತ್ತೇನೆ ಎಂದು ಹೇಳಬೇಕೇ? ಬೇಡ. ವಿಧಿಯ ಪೀಠಿಕೆಯೇ ಇದಕ್ಕೆ ಎಡೆಮಾಡಿದೆ: ವಿಶ್ವಾಸ ಪ್ರಕಟಿಸಲಾಗದ ತಂದೆ ಅಥವಾ ತಾಯಿ ಆ ಹೊತ್ತಿನಲ್ಲಿ ಸುಮ್ಮನಿರಬಹುದು. ಮಗುವಿಗೆ ಕ್ರೈಸ್ತ ಶಿಕ್ಷಣ ಸಿಗಲು ಏರ್ಪಾಡು ಮಾಡುವುದು, ಕಡೇಪಕ್ಷ ಅಡ್ಡಿಪಡಿಸದೆ ಒಪ್ಪುವುದು, ಅಷ್ಟೇ ಅವರಿಂದ ಬೇಕಾದದ್ದು.

ಇನ್ನು ಜ್ಞಾನ ತಂದೆತಾಯಿ ಯಾರು? ಮಗುವಿನ ಸೋದರಮಾವ ಆಗಬಹುದು, ಆದರೆ 16 ವರ್ಷ ತುಂಬಿರಬೇಕು, ದೃಢೀಕರಣ ಸಂಸ್ಕಾರವನ್ನೂ ಪರಮಪ್ರಸಾದವನ್ನೂ ಪಡೆದಿರಬೇಕು, ಆ ಹೊಣೆಗೆ ತಕ್ಕಂತೆ ಬಾಳುತ್ತಿರಬೇಕು. ಒಬ್ಬರೇ ಸಾಕು, ಇಬ್ಬರಿದ್ದರೆ ಒಬ್ಬ ಗಂಡು, ಒಬ್ಬ ಹೆಣ್ಣು. ತಾಯಿಯ ಗೆಳತಿ ಸಿಎಸ್‌ಐ ಚರ್ಚಿನವಳಾದರೆ ಸೋದರಮಾವನ ಜೊತೆ ಸಾಕ್ಷಿಯಾಗಿ ನಿಲ್ಲಬಹುದು, ಜ್ಞಾನ ತಾಯಿಯಾಗಿ ಅಲ್ಲ. ತಂದೆಯ ಅಕ್ಕ ಹಿಂದೂವಾದ್ದರಿಂದ ಎರಡೂ ಆಗುವುದಿಲ್ಲ. ಮಗುವಿನ ಮೇಲೆ ಅವಳಿಗೇ ಎಲ್ಲರಿಗಿಂತ ಹೆಚ್ಚು ಪ್ರೀತಿ ಇದ್ದರೂ. ಮನೆಯಲ್ಲಿ ಮನಸ್ತಾಪ ಹುಟ್ಟುವುದು ಸಾಮಾನ್ಯವಾಗಿ ಇಲ್ಲೇ. ಜ್ಞಾನ ತಾಯಿಯ ಪಟ್ಟವನ್ನು ಬಾಂಧವ್ಯಕ್ಕೆ ಕೊಡುವ ಮರ್ಯಾದೆ ಎಂದುಕೊಂಡರೆ ಈ ನಿಯಮ ಕಠೋರವಾಗಿ ಕಾಣುತ್ತದೆ. ಆದರೆ ಸ್ವಲ್ಪ ಹೊತ್ತಿನಲ್ಲೇ ಆಕೆ ತನ್ನ ಸ್ವಂತ ವಿಶ್ವಾಸವೆಂದು ಆರು ಉತ್ತರ ಕೊಡಬೇಕು. ನಂಬದವರ ಬಾಯಲ್ಲಿ ಅದನ್ನು ಹೇಳಿಸುವುದು ಆಕೆಗೂ ಅನ್ಯಾಯ.

ನೀರಿನ ನಂತರ ನೆತ್ತಿಗೆ ಪರಿಮಳ ತೈಲ ಹಚ್ಚಿ, ಬಿಳಿ ಬಟ್ಟೆ ಹೊದಿಸಿ, ಪಾಸ್ಖದ ದೊಡ್ಡ ಮೇಣದಬತ್ತಿಯಿಂದ ಮಗುವಿನ ಬತ್ತಿಯನ್ನು ತಂದೆ ಇಲ್ಲವೇ ಜ್ಞಾನ ತಂದೆ ಹೊತ್ತಿಸುತ್ತಾನೆ. ಈ ಬೆಳಕು ಆರದಂತೆ ನೋಡಿಕೊಳ್ಳುವುದನ್ನು ಗುರುಗಳು ಹೆತ್ತವರಿಗೂ ಜ್ಞಾನ ತಂದೆತಾಯಿಗೂ ಒಪ್ಪಿಸುತ್ತಾರೆ. ಬಳಿಕ ಎಲ್ಲರೂ ಪೀಠದ ಮುಂದೆ ಸೇರಿ, ಮುಂದೊಂದು ದಿನ ಈ ಮಗು ತಾನೇ ಹೇಳಲಿರುವ ಪ್ರಾರ್ಥನೆಯೆಂದು, ಯೇಸು ಕಲಿಸಿದ ಪರಲೋಕ ಪ್ರಾರ್ಥನೆಯನ್ನು ಅದರ ಹೆಸರಿನಲ್ಲಿ ಹೇಳುತ್ತಾರೆ. ಕೊನೆಯ ಆಶೀರ್ವಾದ ಮೊದಲು ತಾಯಿಗೆ, ಆಮೇಲೆ ತಂದೆಗೆ, ಆಮೇಲೆ ಉಳಿದವರಿಗೆ. ಹಿಂದೆ ಚರ್ಚಿಗೇ ಬಾರದೆ ಉಳಿಯುತ್ತಿದ್ದ ತಾಯಿಯನ್ನು ಈಗ ಎಲ್ಲರಿಗಿಂತ ಮೊದಲು ಹರಸುತ್ತಾರೆ.

ಕೊಟ್ಟ ಮಾತು ನಡೆಯುವ ಲಕ್ಷಣವೇ ಇಲ್ಲದಿದ್ದರೆ? 1983ರ ಧರ್ಮಸಭೆಯ ಕಾನೂನು ಇದನ್ನು ನೇರವಾಗಿ ಹೇಳುತ್ತದೆ. ಹೆತ್ತವರಲ್ಲಿ ಒಬ್ಬರಾದರೂ ಒಪ್ಪಿರಬೇಕು, ಮಗು ಕಥೋಲಿಕ ವಿಶ್ವಾಸದಲ್ಲಿ ಬೆಳೆದೀತು ಎನ್ನಲು ಆಧಾರವಿರಬೇಕು. ಅದು ಸ್ವಲ್ಪವೂ ಇಲ್ಲದಿದ್ದರೆ, ಕಾರಣವನ್ನು ಹೆತ್ತವರಿಗೆ ತಿಳಿಸಿ ಜ್ಞಾನಸ್ನಾನವನ್ನು ಮುಂದೂಡಬೇಕು. ಚರ್ಚಿಗೆ ಹೋಗುವ ಅಜ್ಜಿ ಮೊಮ್ಮಗುವಿನ ಹೊಣೆ ಹೊತ್ತರೆ ಆ ಆಧಾರ ಅಲ್ಲಿಂದಲೂ ಸಿಗಬಹುದು. ಮಗು ಸಾವಿನ ಅಪಾಯದಲ್ಲಿದ್ದರೆ ಮಾತ್ರ ಈ ಪ್ರಶ್ನೆಗಳಿಗೆಲ್ಲ ಕಾಯುವಂತಿಲ್ಲ. ಗುರುಗಳು ಸಿಗದಿದ್ದರೆ ಆಸ್ಪತ್ರೆಯ ನರ್ಸ್ ಕೂಡ ನೀರು ಸುರಿದು ತ್ರಿಯೇಕ ದೇವರ ಹೆಸರಿನಲ್ಲಿ ಜ್ಞಾನಸ್ನಾನ ಕೊಡಬಹುದು. ಮಗು ಉಳಿದರೆ ಅದನ್ನು ಚರ್ಚಿಗೆ ತರುತ್ತಾರೆ. ಆಗ ನೀರನ್ನು ಮತ್ತೆ ಸುರಿಯುವುದಿಲ್ಲ, ಪ್ರಶ್ನೆಗಳನ್ನು ಮಾತ್ರ ಕೇಳುತ್ತಾರೆ.