ಸಣ್ಣ ಸಾಲ ಮೊದಲೋ, ದುಬಾರಿ ಸಾಲ ಮೊದಲೋ? ಸೋತವನ ಲೆಕ್ಕ ಬೇರೆ

ಕೆನರಾ ಬ್ಯಾಂಕ್, ಕರ್ಣಾಟಕ ಬ್ಯಾಂಕ್, ವಿಜಯಾ ಬ್ಯಾಂಕ್ ಮೂರೂ ಹುಟ್ಟಿದ ಊರು ಮಂಗಳೂರು. ಇಲ್ಲಿ ಸಾಲ ಸಿಗುವುದು ಕಷ್ಟವಲ್ಲ. ಒಂದು ಸೊಸೈಟಿಯಲ್ಲಿ, ಒಂದು ಬ್ಯಾಂಕಿನಲ್ಲಿ, ಇನ್ನೊಂದು ಕಾರ್ಡಿನಲ್ಲಿ ಅಂತ ಮೂರ್ನಾಲ್ಕು ಕಡೆ ಸಾಲ ಇರುವವರ ಬಾಯಲ್ಲಿ ಕೇಳಿಬರುವ ಮಾತು ಒಂದೇ: "ಎಷ್ಟು ಕಟ್ಟಿದ್ರೂ ಮುಗಿಯುದಿಲ್ಲ ಮಾರಾಯ್ರೆ."

ಇಂಥವರಿಗೆ ಹೇಳುವ ದಾರಿ ಎರಡು. ಎರಡರಲ್ಲೂ ಎಲ್ಲ ಸಾಲಗಳ ಕನಿಷ್ಠ ಕಂತು ತಪ್ಪದೆ ಕಟ್ಟಬೇಕು. ಕೈಯಲ್ಲಿ ಉಳಿದ ಹೆಚ್ಚುವರಿ ಹಣ ಎಲ್ಲಿಗೆ ಹೋಗಬೇಕು ಅನ್ನುವುದರಲ್ಲಷ್ಟೇ ವ್ಯತ್ಯಾಸ. ಅತಿ ಚಿಕ್ಕ ಸಾಲಕ್ಕೆ ಹಾಕಿದರೆ ಅದು ಸ್ನೋಬಾಲ್, ಅತಿ ಹೆಚ್ಚು ಬಡ್ಡಿಯ ಸಾಲಕ್ಕೆ ಹಾಕಿದರೆ ಅವಲಾಂಚ್. ಬಡ್ಡಿಯ ಲೆಕ್ಕದಲ್ಲಿ ಗೆಲ್ಲುವುದು ಯಾವಾಗಲೂ ಅವಲಾಂಚ್. ಆದರೆ ಎಷ್ಟು ಅಂತರದಲ್ಲಿ ಗೆಲ್ಲುತ್ತದೆ ಅಂತ ಹೆಚ್ಚಿನವರು ಲೆಕ್ಕ ಹಾಕಿ ನೋಡುವುದಿಲ್ಲ.

ಹಾಕಿಯೇ ನೋಡೋಣ. ಹಂಪನಕಟ್ಟೆಯ ಜವಳಿ ಅಂಗಡಿಯಲ್ಲಿ ಕೆಲಸ ಮಾಡುವ ಒಬ್ಬರು ಅಂದುಕೊಳ್ಳಿ. ಸೊಸೈಟಿಯಲ್ಲಿ 18,000 ರೂ. ಬಾಕಿ, ಬಡ್ಡಿ ವರ್ಷಕ್ಕೆ ಶೇ. 14, ಕಂತು 2,000. ಕ್ರೆಡಿಟ್ ಕಾರ್ಡಿನಲ್ಲಿ 60,000, ಬಡ್ಡಿ ತಿಂಗಳಿಗೆ ಶೇ. 3.5, ಅಂದರೆ ವರ್ಷಕ್ಕೆ 42; ಕಟ್ಟುತ್ತಿರುವುದು 3,000. ಬ್ಯಾಂಕಿನ ಪರ್ಸನಲ್ ಲೋನ್ 1,40,000, ಶೇ. 16, ಕಂತು 5,000. ಇದಿಷ್ಟೂ ಕಟ್ಟಿದ ಮೇಲೆ ತಿಂಗಳಿಗೆ 3,000 ಉಳಿಯುತ್ತದೆ. ಪರ್ಸನಲ್ ಲೋನ್ ಎರಡೂ ದಾರಿಯಲ್ಲಿ ತನ್ನ ಪಾಡಿಗೆ ಸಾಗುತ್ತದೆ, ಅದನ್ನು ಬಿಡಿ. ಉಳಿದ ಎರಡಕ್ಕೆ ತಿಂಗಳಿಗೆ ಒಟ್ಟು 8,000 ಸಿಗುತ್ತದೆ.

ಸ್ನೋಬಾಲ್ ದಾರಿಯಲ್ಲಿ ಸೊಸೈಟಿಗೆ ತಿಂಗಳಿಗೆ 5,000 ಹೋಗುತ್ತದೆ, ನಾಲ್ಕನೇ ತಿಂಗಳಿಗೆ ಆ ಸಾಲ ಮುಗಿಯುತ್ತದೆ. ಆಮೇಲೆ ಪೂರಾ 8,000 ಕಾರ್ಡಿಗೆ ಹಾಕಿದರೆ ಹನ್ನೆರಡನೇ ತಿಂಗಳಿಗೆ ಅದೂ ಚುಕ್ತಾ. ಕಟ್ಟಿದ ಬಡ್ಡಿ ಸುಮಾರು 17,600 ರೂ. ಅವಲಾಂಚ್ ದಾರಿಯಲ್ಲಿ ಕಾರ್ಡಿಗೆ 6,000, ಸೊಸೈಟಿಗೆ 2,000. ಎರಡೂ ಮುಗಿಯುವುದು ಅದೇ ಹನ್ನೆರಡನೇ ತಿಂಗಳಿಗೆ. ಬಡ್ಡಿ ಸುಮಾರು 16,050. ಅಂತರ ಹೆಚ್ಚುಕಮ್ಮಿ 1,600 ರೂಪಾಯಿ. ಕಾರ್ಡಿನ ಬಡ್ಡಿಯ ಮೇಲಿನ ಜಿಎಸ್‌ಟಿ ಸೇರಿಸಿದರೆ ಇನ್ನೂ ಕೆಲವು ನೂರು ಹೆಚ್ಚಾದೀತು.

ಆದರೆ ಅವಲಾಂಚ್‌ನಲ್ಲಿ ಮೊದಲ ಸಾಲ ಮುಗಿಯುವುದು ಹತ್ತನೇ ತಿಂಗಳಿಗೆ. ಒಂಬತ್ತು ತಿಂಗಳು ಮೂರೂ ಕಡೆಯಿಂದ ಮೆಸೇಜ್, ಮೂರೂ ಕಂತಿನ ದಿನಾಂಕ ಹಾಗೇ ಇರುತ್ತವೆ. ಮನಸ್ಸು ಸೋತವನು ಆರನೇ ತಿಂಗಳಿಗೆ "ಏನು ಪ್ರಯೋಜನ" ಅಂತ ಆ ಹೆಚ್ಚುವರಿ 3,000 ಕಟ್ಟುವುದನ್ನು ಬಿಟ್ಟರೆ, ಅವಲಾಂಚ್‌ನ ಉಳಿತಾಯ ಕಾಗದದಲ್ಲೇ ಉಳಿಯುತ್ತದೆ. ಡೇವಿಡ್ ಗಾಲ್ ಮತ್ತು ಬ್ಲೇಕ್ಲಿ ಮೆಕ್‌ಶೇನ್ 2012ರಲ್ಲಿ ಅಮೆರಿಕದ ಸಾಲಗಾರರ ದಾಖಲೆಗಳನ್ನು ನೋಡಿ ಕಂಡದ್ದೂ ಇದಕ್ಕೆ ಹತ್ತಿರದ ಸಂಗತಿ: ಖಾತೆಗಳನ್ನು ಒಂದೊಂದಾಗಿ ಮುಚ್ಚಿದವರು ಪೂರ್ತಿ ಸಾಲಮುಕ್ತರಾಗುವ ಸಾಧ್ಯತೆ ಹೆಚ್ಚು. ಮುಚ್ಚಿದ್ದರಿಂದಲೇ ಹಾಗಾಯಿತು ಅಂತ ಇದರಿಂದ ಸಾಬೀತಾಗುವುದಿಲ್ಲ, ನಿಜ. ಆದರೂ ಸೋತು ಕೂತವರಿಗೆ ನಾನು ಹೇಳುವುದು ಸ್ನೋಬಾಲನ್ನೇ. 1,600 ರೂಪಾಯಿ ಅದರ ಬೆಲೆ, ಅಷ್ಟೇ.

ಆ ಬೆಲೆ ಯಾವಾಗಲೂ ಇಷ್ಟೇ ಇರುವುದಿಲ್ಲ. ಚಿಕ್ಕ ಸಾಲವೇ 50,000 ಇದ್ದು, ಅದು ಮುಗಿಯಲು ವರ್ಷ ಹಿಡಿಯುತ್ತದೆ ಅಂತಾದರೆ ಸ್ನೋಬಾಲ್‌ನಲ್ಲಿ ಬೇಗ ಗೆದ್ದ ಖುಷಿಯೂ ಇಲ್ಲ, ಕಾರ್ಡು ಮಾತ್ರ ಶೇ. 42ರಲ್ಲಿ ಬೆಳೆಯುತ್ತಿರುತ್ತದೆ. ನನ್ನ ಅಳತೆ ಇದು: ಮೊದಲ ಸಾಲ ಐದಾರು ತಿಂಗಳೊಳಗೆ ಮುಗಿಯುವುದಾದರೆ ಸ್ನೋಬಾಲ್, ಇಲ್ಲವಾದರೆ ಕಾರ್ಡಿಗೇ ಕಟ್ಟಿ.

ಎರಡೂ ದಾರಿಗೆ ಕಾಣದ ಸಾಲವೊಂದುಂಟು, ಚಿನ್ನದ್ದು. ಬಡ್ಡಿ ಕಮ್ಮಿ ಅಂತ ಅವಲಾಂಚ್ ಅದನ್ನು ಕೊನೆಗೆ ತಳ್ಳುತ್ತದೆ, ಮೊತ್ತ ದೊಡ್ಡದು ಅಂತ ಸ್ನೋಬಾಲೂ ತಳ್ಳುತ್ತದೆ. ಆದರೆ ವಾಯಿದೆ ಮುಗಿದರೆ ಕರಿಮಣಿ ಸರ ಹರಾಜಿಗೆ ಹೋಗುತ್ತದೆ. ಆದ್ದರಿಂದ ಅಡವು ಚೀಟಿಯಲ್ಲಿರುವ ತಾರೀಕು ಮೊದಲು ನೋಡಿ. ಅದು ಹತ್ತಿರವಿದ್ದರೆ ಬಡ್ಡಿ ಕಟ್ಟಿ ನವೀಕರಿಸಲು ಬೇಕಾದಷ್ಟನ್ನು ಪಕ್ಕಕ್ಕಿಡಿ, ಉಳಿದದ್ದು ಆಮೇಲೆ.

ಸೊಸೈಟಿಗೆ ಹೋಗುವಾಗ, ಅವಧಿಗೆ ಮುಂಚೆ ತೀರಿಸಿದರೆ ಶುಲ್ಕ ಉಂಟಾ ಅಂತ ಕೇಳಿ. ಕಟ್ಟಿದ ಮೇಲೆ ಬಾಕಿ ಇಲ್ಲ ಎಂಬ ಪತ್ರ ತೆಗೆದುಕೊಂಡೇ ಬನ್ನಿ. ಕಾರ್ಡನ್ನು ಉಜ್ಜುವುದಂತೂ ನಿಲ್ಲಬೇಕು. ಬಾಕಿ ಇರುವ ಕಾರ್ಡಿನಲ್ಲಿ ಹೊಸ ಖರೀದಿಗೆ ಬಡ್ಡಿರಹಿತ ದಿನಗಳು ಸಿಗುವುದಿಲ್ಲ.

ಸ್ನೋಬಾಲ್ ಕೈಕೊಡುವುದು ಹೆಚ್ಚಾಗಿ ನಾಲ್ಕನೇ ತಿಂಗಳು ಮುಗಿದ ಮೇಲೆ. ಸೊಸೈಟಿ ಮುಗಿಯಿತಲ್ಲ ಅಂತ ಆ 5,000 ಸದ್ದಿಲ್ಲದೆ ಮನೆಖರ್ಚಿಗೆ ಸೇರುತ್ತದೆ. ಆಗ ಕಾರ್ಡಿನಲ್ಲಿ ಇನ್ನೂ ಸುಮಾರು 54,700 ಬಾಕಿ ಇರುತ್ತದೆ. ಮೊದಲಿನ 3,000 ಮಾತ್ರ ಕಟ್ಟಿದರೆ ಅದರಲ್ಲಿ 1,915 ಬಡ್ಡಿಗೇ ಹೋಗಿ, ಅಸಲು ಇಳಿಯುವುದು 1,085. ಅದಕ್ಕೇ ಸೊಸೈಟಿಯ ಕೊನೇ ಕಂತು ಕಟ್ಟಿದ ದಿನವೇ, ಮುಂದಿನ ಸಂಬಳದಿಂದ ಕಾರ್ಡಿಗೆ 8,000 ಹೋಗುವ ಹಾಗೆ ಬ್ಯಾಂಕಿನಲ್ಲಿ ಬರೆಸಿಟ್ಟು ಬನ್ನಿ.